ಸ್ಕೂಟರ್ ಹಿಂದೆ ಕೂತಿದ್ದವರಿಗೆ ಮಂಡಿ ಮುರಿದಿದೆ, ಲ್ಯಾಪ್‌ಟಾಪೂ ಒಡೆದಿದೆ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಏನಾದರೂ ಸಿಗುತ್ತದಾ?

ಶಿವು ಹಾಸನ

ಎಲ್ಲರಿಗೂ ನಮಸ್ಕಾರ. ಗಾಡಿ ನನ್ನ ಹೆಸರಿನಲ್ಲಿದೆ, 110 ಸಿಸಿ ಸ್ಕೂಟರ್, 2022ರ ಆಗಸ್ಟ್‌ನಲ್ಲಿ ತಗೊಂಡಿದ್ದು. ಓಡಿಸುವುದು ಹೆಚ್ಚಾಗಿ ನನ್ನ ತಂಗಿ. ಹೋದ ತಿಂಗಳು ಸಂಜೆ ಆಫೀಸಿನಿಂದ ಬರುವಾಗ ಸಹೋದ್ಯೋಗಿಯೊಬ್ಬರನ್ನು ಹಿಂದೆ ಕೂರಿಸಿಕೊಂಡಿದ್ದಳು. ನಾಯಿ ಅಡ್ಡ ಬಂತು, ಬ್ರೇಕ್ ಹಾಕಿದಳು, ಗಾಡಿ ಜಾರಿತು. ಬೇರೆ ಯಾವ ಗಾಡಿಯೂ ತಾಗಿಲ್ಲ.

ತಂಗಿಗೆ ಮಣಿಕಟ್ಟು ಮುರಿದಿದೆ. ಹಿಂದೆ ಕೂತಿದ್ದವರಿಗೆ ಮಂಡಿ ಹತ್ತಿರ ಮೂಳೆ ಮುರಿದು ಪ್ಲೇಟ್ ಹಾಕಿದ್ದಾರೆ. ಆಸ್ಪತ್ರೆ ಬಿಲ್ 2.40 ಲಕ್ಷ ಆಗಿದೆ. ಮುಂದಿನ ಕೊಕ್ಕೆಗೆ ನೇತುಹಾಕಿದ್ದ ಅವರ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇತ್ತು, ಅದೂ ಹೋಯ್ತು.

ಡೀಲರ್ ಗಾಡಿ ಕೊಡುವಾಗ "ಐದು ವರ್ಷ ಇನ್ಶೂರೆನ್ಸ್ ಇದೆ, ಯೋಚನೆ ಬೇಡ" ಅಂದಿದ್ದರು. ಈಗ ಪಾಲಿಸಿ ತೆಗೆದು ನೋಡಿದರೆ ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆದ ನಷ್ಟಕ್ಕೆ ಸಿಗುವುದು, ಒಂದು ವರ್ಷ, ಥರ್ಡ್ ಪಾರ್ಟಿ ಐದು ವರ್ಷ ಅಂತ ಇದೆ. ಓನ್ ಡ್ಯಾಮೇಜ್ 2023ರಲ್ಲೇ ಮುಗಿದಿದೆ. ಹಿಂದೆ ಕೂತವರು ಥರ್ಡ್ ಪಾರ್ಟಿ ತಾನೇ? ಅವರಿಗೆ ಇದರಲ್ಲಿ ಸಿಗಬೇಕಲ್ವಾ?

ಆರ್‌ಎಕ್ಸ್ ರಮೇಶ

ಸಿಗುತ್ತೆ ಗುರು. ನೀನು ಫಸ್ಟ್ ಪಾರ್ಟಿ, ಇನ್ಶೂರೆನ್ಸ್ ಕಂಪನಿ ಸೆಕೆಂಡ್ ಪಾರ್ಟಿ, ಉಳಿದವರೆಲ್ಲ ಥರ್ಡ್ ಪಾರ್ಟಿ. ನಮ್ಮ ಮಾವನಿಗೆ ಹೀಗೇ ಬೈಕಿನ ಹಿಂದೆ ಕೂತಿದ್ದಾಗ ಕಾಲು ಮುರಿದಿತ್ತು. ಕೋರ್ಟಿಗೆ ಹಾಕಿ ಮೂರೂವರೆ ಲಕ್ಷ ಬಂತು. ಯಾರಾದರೂ ಎಂವಿಸಿ, ಅಂದರೆ ಅಪಘಾತ ಪರಿಹಾರದ ಕೇಸ್ ಮಾಡುವ ವಕೀಲರನ್ನು ಹಿಡಿ, ಆಯ್ತು.

ತುಂಗಾ ತೀರ

ರಮೇಶ್, ನಿಮ್ಮ ಮಾವನವರ ಕೇಸಿನಲ್ಲಿ ಹಣ ಕೊಟ್ಟಿದ್ದು ಯಾವ ಗಾಡಿಯ ಇನ್ಶೂರೆನ್ಸ್? ಅವರು ಕೂತಿದ್ದ ಬೈಕಿನದೋ, ಎದುರಿನ ಗಾಡಿಯದೋ?

ಆರ್‌ಎಕ್ಸ್ ರಮೇಶ

ಕಾರು ಬಂದು ಗುದ್ದಿತ್ತು ಮೇಡಂ. ಕಾರಿನವರ ಕಂಪನಿ ಕೊಟ್ಟಿದ್ದು.

ತುಂಗಾ ತೀರ

ಅಲ್ಲೇ ಇದೆ ವ್ಯತ್ಯಾಸ. ನಾನು ಶಿವಮೊಗ್ಗದಲ್ಲಿ ಇಂಥ ಕೇಸುಗಳನ್ನೇ ನಡೆಸುತ್ತೇನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಿಂದೆ ಕೂತವರು ಎದುರಿನ ಗಾಡಿಯ ಲೆಕ್ಕದಲ್ಲಿ ಯಾವಾಗಲೂ ಥರ್ಡ್ ಪಾರ್ಟಿ. ಕಾರಿನದೋ ಲಾರಿಯದೋ ತಪ್ಪಿದ್ದರೆ, ಆ ಗಾಡಿಗೆ ಬರೀ ಕಡ್ಡಾಯ ಪಾಲಿಸಿ ಇದ್ದರೂ ಸಾಕು, ಹಣ ಬರುತ್ತದೆ. ಎರಡೂ ಕಡೆ ತಪ್ಪಿದ್ದರೂ ಹಿಂದೆ ಕೂತವರು ಪೂರ್ತಿ ಹಣವನ್ನು ಒಬ್ಬರಿಂದಲೇ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆದರೆ ಜನ ಇದರ ಇನ್ನೊಂದು ಮುಖ ನೋಡುವುದಿಲ್ಲ. ಕಾರಿನ ಕಂಪನಿ ಪೂರ್ತಿ ಕಟ್ಟಿದ ಮೇಲೆ, ಬೈಕಿನವರ ಪಾಲು ಎಷ್ಟು ಅಂತ ತೀರ್ಪಿನಲ್ಲಿ ಬರೆದಿದ್ದರೆ, ಅಷ್ಟನ್ನು ಬೈಕಿನ ಮಾಲೀಕರಿಂದ ವಸೂಲಿ ಮಾಡಬಹುದು.

ಶಿವು ಅವರ ಕೇಸಿನಲ್ಲಿ ಎದುರು ಗಾಡಿಯೇ ಇಲ್ಲ. ಹಾಗಾಗಿ ಪ್ರಶ್ನೆ ಇಷ್ಟೇ: ಅವರು ಕೂತಿದ್ದ ಸ್ಕೂಟರಿನ ಪಾಲಿಸಿ ಅವರಿಗೆ ಕೊಡುತ್ತದಾ? ಬರೀ ಕಾಯಿದೆಗೆ ಬೇಕಾದಷ್ಟು ಮಾತ್ರ ಮಾಡಿಸಿದ ಆಕ್ಟ್ ಪಾಲಿಸಿಯಾದರೆ ಇಲ್ಲ. ಹಣ ಕೊಡದೆ ಹಿಂದೆ ಕೂತು ಬಂದವರಿಗೆ ಅಂಥ ಪಾಲಿಸಿ ಅನ್ವಯಿಸುವುದಿಲ್ಲ ಅಂತ 2006ರಲ್ಲಿ ತಿಲಕ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2008ರಲ್ಲಿ ಇನ್ನೊಂದು ಕೇಸಿನಲ್ಲಿ ಅದನ್ನೇ ಮತ್ತೆ ಹೇಳಿತು. ಇವತ್ತಿಗೂ ಕಂಪನಿಗಳ ವಕೀಲರು ಮೊದಲು ಎತ್ತುವುದು ಇದನ್ನೇ.

ಪ್ಯಾಕೇಜ್ ಪಾಲಿಸಿ, ಅಂದರೆ ಜನ ಫುಲ್ ಇನ್ಶೂರೆನ್ಸ್ ಅನ್ನುವುದು, ಇದ್ದಿದ್ದರೆ ಕತೆಯೇ ಬೇರೆ. ಅದರ ಎರಡನೇ ಸೆಕ್ಷನ್‌ನಲ್ಲಿ ಗಾಡಿಯಲ್ಲಿ ಕೂತವರೂ ಸೇರಿ ಯಾರಿಗೇ ಗಾಯವಾದರೂ ಅಂತ ಬರೆದಿರುತ್ತದೆ, ಬಾಡಿಗೆಗೆ ಕೂರಿಸಿಕೊಂಡಿರಬಾರದು ಅಷ್ಟೇ. ಕಂಪನಿಗಳು ಅದನ್ನೂ ತಕರಾರು ಮಾಡುತ್ತಿದ್ದವು. 2009ರ ನವೆಂಬರ್‌ನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎ ಸುತ್ತೋಲೆ ಕಳಿಸಿ, ಪ್ಯಾಕೇಜ್ ಪಾಲಿಸಿಯಲ್ಲಿ ಪಿಲಿಯನ್‌ಗೂ, ಅಂದರೆ ಹಿಂದೆ ಕೂತವರಿಗೂ ಹೊಣೆ ಇದೆ ಅಂತ ಸ್ಪಷ್ಟ ಮಾಡಿತು. 2012ರ ನವೆಂಬರ್‌ನಲ್ಲಿ ಬಾಲಕೃಷ್ಣನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಸುತ್ತೋಲೆಗಳನ್ನು ನೋಡಿ, ಬರೀ ಆಕ್ಟ್ ಪಾಲಿಸಿ ಬೇರೆ, ಪ್ಯಾಕೇಜ್ ಬೇರೆ ಅಂತ ಗೆರೆ ಎಳೆಯಿತು.

ಶಿವು, ಪಾಲಿಸಿಯ ಮೊದಲ ಪುಟದಲ್ಲಿ ಪ್ರೀಮಿಯಂ ಪಟ್ಟಿ ಇರುತ್ತದೆ. ಅದರಲ್ಲಿರುವ ಸಾಲುಗಳನ್ನು ಇಲ್ಲಿ ಬರೆಯುತ್ತೀರಾ?

ಶಿವು ಹಾಸನ

ಬೇಸಿಕ್ ಥರ್ಡ್ ಪಾರ್ಟಿ 3,851. ಓನರ್ ಡ್ರೈವರ್ ಪಿಎ 15 ಲಕ್ಷ, ಅವಧಿ ಒಂದು ವರ್ಷ. ಪಿಎ ಅನ್‌ನೇಮ್ಡ್ ಪಿಲಿಯನ್ 1 ಲಕ್ಷ, ಅದೂ ಒಂದು ವರ್ಷ. ಅಂದರೆ ಪಿಲಿಯನ್‌ಗೆ ಕವರ್ ಇತ್ತು, ಮುಗಿದುಹೋಗಿದೆ! ರಿನ್ಯೂ ಮಾಡಿಸಿದ್ದರೆ ಒಂದು ಲಕ್ಷವಾದರೂ ಬರುತ್ತಿತ್ತಾ?

ಏಜೆಂಟ್ ಮಂಜಣ್ಣ

ಬರುತ್ತಿರಲಿಲ್ಲ ಶಿವಣ್ಣ. ನಾನು ಪಾಲಿಸಿ ಮಾರುವವನು, ನಾನೇ ಹೇಳ್ತೀನಿ ಕೇಳಿ. ಪಿಎ ಅಂದರೆ ಪರ್ಸನಲ್ ಆಕ್ಸಿಡೆಂಟ್, ಆ ಒಂದು ಲಕ್ಷ ಸಾವಿಗೆ ಮತ್ತು ಶಾಶ್ವತವಾಗಿ ಅಂಗ ಹೋದರೆ ಮಾತ್ರ. ಸತ್ತರೆ ಪೂರ್ತಿ. ಎರಡು ಕೈಯೋ ಕಾಲೋ ಕಣ್ಣೋ ಹೋದರೆ ಪೂರ್ತಿ. ಒಂದು ಹೋದರೆ ಅರ್ಧ. ಮೂಳೆ ಮುರಿದು ಪ್ಲೇಟ್ ಹಾಕಿ, ಮೂರು ತಿಂಗಳು ಮನೆಯಲ್ಲಿ ಕೂತರೆ ಸೊನ್ನೆ. ಆಸ್ಪತ್ರೆ ಬಿಲ್ ಅನ್ನುವ ಬಾಬ್ತೇ ಅದರಲ್ಲಿ ಇಲ್ಲ.

ನನ್ನ ಹತ್ತಿರ ಬರುವವರು "ಪಿಲಿಯನ್ ಕವರ್ ಹಾಕಿದೀರಾ" ಅಂತ ಕೇಳ್ತಾರೆ. ಹೌದು, 70 ರೂಪಾಯಿಗೆ ಹಾಕಿದೀನಿ ಅಂತೀನಿ. ಅವರು ತಲೆಯಲ್ಲಿ ಇಟ್ಟುಕೊಂಡಿರೋದು ಆಸ್ಪತ್ರೆ ಖರ್ಚು. 70 ರೂಪಾಯಿಗೆ ಯಾರು ಆಸ್ಪತ್ರೆ ಖರ್ಚು ಕೊಡ್ತಾರೆ ಹೇಳಿ?

ತುಂಗಾ ತೀರ

ಮಂಜಣ್ಣ ಹೇಳಿದ್ದು ಸರಿ. ಒಂದೇ ಕಾಗದದಲ್ಲಿ ಹಿಂದೆ ಕೂತವರಿಗೆ ಸಂಬಂಧಿಸಿದ ಎರಡು ವಿಷಯಗಳಿವೆ. ಒಂದು ಈ ಪಿಎ. ಯಾರ ತಪ್ಪು ಅಂತ ಕೇಳುವುದಿಲ್ಲ, ಕೋರ್ಟು ಬೇಡ, ಆದರೆ ಮೊತ್ತ ನಿಗದಿ. ಇನ್ನೊಂದು ಎರಡನೇ ಸೆಕ್ಷನ್‌ನ ಹೊಣೆ. ಅದಕ್ಕೆ ಬೇರೆ ಸಾಲು, ಬೇರೆ ಪ್ರೀಮಿಯಂ ಕಾಣುವುದಿಲ್ಲ, ಪ್ಯಾಕೇಜಿನ ಪದಗಳ ಒಳಗೇ ಅಡಗಿರುತ್ತದೆ. ಅಲ್ಲಿ ಆಸ್ಪತ್ರೆ ಖರ್ಚು, ಕಳೆದುಕೊಂಡ ಸಂಬಳ, ನೋವು, ಮುಂದಿನ ಅಂಗವೈಕಲ್ಯ ಎಲ್ಲ ಲೆಕ್ಕಕ್ಕೆ ಬರುತ್ತದೆ. ಗಾಯದ ಪರಿಹಾರಕ್ಕೆ ಮೇಲ್ಮಿತಿಯೂ ಇಲ್ಲ.

ಈ ಕೇಸನ್ನೇ ತಗೊಳ್ಳಿ. ಆಸ್ಪತ್ರೆಗೆ 2.40 ಲಕ್ಷ. ಅವರ ಸಂಬಳ ತಿಂಗಳಿಗೆ 35 ಸಾವಿರ ಅಂದುಕೊಂಡರೆ ಮೂರು ತಿಂಗಳಿಗೆ 1.05 ಲಕ್ಷ. ನೋವು, ಓಡಾಟ, ನೋಡಿಕೊಳ್ಳುವವರ ಖರ್ಚು ಅಂತ ಸುಮಾರು 60 ಸಾವಿರ ಇಡಿ. ನಾಲ್ಕು ಲಕ್ಷ ದಾಟಿತು. ಮಂಡಿ ಪೂರ್ತಿ ಮಡಚಲು ಬರದೇ ಹೋದರೆ, ವೈದ್ಯರು ಕೊಡುವ ಶೇಕಡಾವಾರಿನ ಮೇಲೆ ಇನ್ನೂ ಜಾಸ್ತಿ ಆಗುತ್ತದೆ. ಪ್ಯಾಕೇಜ್ ಇದ್ದಿದ್ದರೆ ಇದನ್ನೆಲ್ಲ ಕಂಪನಿಯಿಂದ ಕೇಳಬಹುದಿತ್ತು. ಈಗ ಅವರು ಕೇಸ್ ಹಾಕಿದರೆ ನೋಟಿಸ್ ನಿಮಗೆ ಬರುತ್ತದೆ ಶಿವು. ಗಾಡಿ ನಿಮ್ಮದು, ನಿಮ್ಮ ಒಪ್ಪಿಗೆಯಿಂದಲೇ ತಂಗಿ ಓಡಿಸಿದ್ದು.

ಶಿವು ಹಾಸನ

ನಾನು ಅಲ್ಲಿ ಇರಲೇ ಇಲ್ಲ ಮೇಡಂ. ನನ್ನ ಮೇಲೆ ಹೇಗೆ?

ತುಂಗಾ ತೀರ

ಮಾಲೀಕರ ಮೇಲೆ ಹೊಣೆ ಬರುವುದೇ ಹಾಗೆ. ಎಲ್ಲಿದ್ದಿರಿ ಅನ್ನುವುದು ಮುಖ್ಯವಲ್ಲ.

ಇದರಲ್ಲಿ ಎರಡು ದಾರಿ ಇದೆ. ಮೋಟಾರು ವಾಹನ ಕಾಯಿದೆಯ 166ನೇ ಸೆಕ್ಷನ್ ಅಡಿ ಹಾಕಿದರೆ ಓಡಿಸಿದವರ ನಿರ್ಲಕ್ಷ್ಯ ತೋರಿಸಬೇಕು. ನಾಯಿ ಅಡ್ಡ ಬಂದರೆ ಅದು ನಿರ್ಲಕ್ಷ್ಯವಾ ಅಂತ ವಾದ ನಡೆಯುತ್ತದೆ. ವೇಗ ಎಷ್ಟಿತ್ತು, ಬೀದಿ ದೀಪ ಇತ್ತಾ, ಎಲ್ಲ ಕೇಳುತ್ತಾರೆ. 164ನೇ ಸೆಕ್ಷನ್ ಅಡಿ ಹಾಕಿದರೆ ತಪ್ಪು ಯಾರದು ಅಂತ ತೋರಿಸಬೇಕಾಗಿಲ್ಲ. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ನಿಗದಿ. ಮೂಳೆ ಮುರಿತ ಕಾನೂನಿನ ಪ್ರಕಾರ ತೀವ್ರ ಗಾಯವೇ. ಇದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಾಲೀಕರು ಅಥವಾ ವಿಮಾ ಕಂಪನಿ ಕೊಡಬೇಕು ಅಂತ ಅದರಲ್ಲಿದೆ. ಬರೀ ಕಡ್ಡಾಯ ಪಾಲಿಸಿ ಇದ್ದಾಗ ಪಿಲಿಯನ್ ವಿಷಯದಲ್ಲಿ ಕಂಪನಿ "ನಮ್ಮದಲ್ಲ" ಅನ್ನುತ್ತದೆ. ನಾವು "ಸೆಕ್ಷನ್ ಹಾಗೆ ಹೇಳುವುದಿಲ್ಲ" ಅನ್ನುತ್ತೇವೆ. ವಾದ ಮಾಡಲು ಜಾಗ ಇದೆ. ಗೆದ್ದೇ ಗೆಲ್ಲುತ್ತೇವೆ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಅರ್ಜಿ ಹಾಕಲು ಅಪಘಾತವಾದ ದಿನದಿಂದ ಆರು ತಿಂಗಳು ಅಂತ ಕಾಯಿದೆಯ ಹೊಸ ತಿದ್ದುಪಡಿಯಲ್ಲಿದೆ. ಆ ಮಿತಿಯೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿದೆ. ಆದರೂ ಯಾರೂ ಅದನ್ನು ನಂಬಿ ಕೂರಬಾರದು.

ಆರ್‌ಎಕ್ಸ್ ರಮೇಶ

ಸುಮ್ನೆ ಒಂದು ಮಾತು. ಯಾವುದೋ ಗಾಡಿ ಹೊಡೆದು ನಿಲ್ಲಿಸದೆ ಹೋಯ್ತು ಅಂತ ಸ್ಟೇಷನ್‌ನಲ್ಲಿ ಬರೆಸಿದರೆ ಸರ್ಕಾರದಿಂದಲೇ ಬರುತ್ತಂತೆ. ನಮ್ಮ ಕಡೆ ಎಲ್ಲ ಹಾಗೇ ಮಾಡೋದು.

ತುಂಗಾ ತೀರ

ದಯವಿಟ್ಟು ಬೇಡ. ಆಸ್ಪತ್ರೆಗೆ ಸೇರಿಸಿದ ರಾತ್ರಿ ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳ ದಾಖಲೆಯಲ್ಲಿ, "ನಾಯಿ ಅಡ್ಡ ಬಂದು ಸ್ಕೂಟರ್ ಜಾರಿ ಬಿದ್ದದ್ದು" ಅಂತ ಬರೆದಾಗಿರುತ್ತದೆ. ಕಂಪನಿಯ ತನಿಖೆದಾರರು ಮೊದಲು ತೆಗೆಸುವುದೇ ಅದರ ನಕಲು. ಹಲವು ದಿನ ಬಿಟ್ಟು ದೂರು ಕೊಟ್ಟು, ಅದರಲ್ಲಿ ಹೊಸದಾಗಿ ಒಂದು ಲಾರಿ ಬಂದಿದ್ದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಕ್ರಿಮಿನಲ್ ಕೇಸ್ ಎದುರಿಸಬೇಕು. ಗಾಡಿ ಹೊಡೆದು ಪರಾರಿಯಾದ ಪ್ರಕರಣದಲ್ಲಿ ತೀವ್ರ ಗಾಯಕ್ಕೆ ಸಿಗುವುದು 50 ಸಾವಿರ. ಅಷ್ಟಕ್ಕಾಗಿ ಇಷ್ಟು ತಲೆನೋವು ಬೇಕಾ?

ಬಿಳಿ ಹೆಲ್ಮೆಟ್

ನಂದೂ ಒಂದು ಪ್ರಶ್ನೆ ಇದೆ, ಇದಕ್ಕೇ ಸಂಬಂಧಿಸಿದ್ದು. ನನ್ನದು ಫುಲ್ ಇನ್ಶೂರೆನ್ಸ್, ಝೀರೋ ಡೆಪ್ ಕೂಡ ಹಾಕಿಸಿದ್ದೇನೆ. ಮಾರ್ಕೆಟ್ ಹತ್ತಿರ ಗಾಡಿ ನಿಲ್ಲಿಸಿದ್ದಾಗ ಸೀಟ್ ಎಬ್ಬಿಸಿ ಒಳಗಿದ್ದ ಫೋನ್, ಪರ್ಸ್ ಕದ್ದಿದ್ದಾರೆ. ಕನ್ನಡಿಗೆ ನೇತುಹಾಕಿದ್ದ ಹೆಲ್ಮೆಟ್ಟೂ ಹೋಗಿದೆ. ಕ್ಲೇಮ್ ಕೇಳಿದರೆ ಗಾಡಿ ಕಳುವಾಗಿದೆಯಾ ಅಂತ ಕೇಳ್ತಾರೆ. ಗಾಡಿ ಕಳುವಾಗಿದ್ದರೆ ಹೆಲ್ಮೆಟ್‌ಗೆ ಯಾಕೆ ಅಳ್ತಿದ್ದೆ ನಾನು! ಇಂಥ ಕಂಪನಿ ಮೇಲೆ ಗ್ರಾಹಕರ ಕೋರ್ಟಿಗೆ ಹೋಗಬಹುದಾ?

ಸರ್ವೆ ಸದಾನಂದ

ಮೇಡಂ, ಕಂಪನಿಯವರು ನಿಮಗೆ ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ. ದ್ವಿಚಕ್ರ ವಾಹನದ ಪ್ಯಾಕೇಜ್ ಪಾಲಿಸಿಯ ಮೊದಲ ಸೆಕ್ಷನ್‌ನಲ್ಲೇ ಬರೆದಿರುತ್ತದೆ, ಗಾಡಿಯೂ ಜೊತೆಗೇ ಕಳುವಾಗಿದ್ದರೆ ಮಾತ್ರ ಬಿಡಿ ಸಾಮಾನಿನ ಕಳವಿಗೆ ಹಣ ಅಂತ. ಅದೂ ಗಾಡಿಗೆ ಜೋಡಿಸಿದ ಸಾಮಾನಿಗೆ, ಅಂದರೆ ಕ್ರ್ಯಾಶ್ ಗಾರ್ಡ್, ಹಿಂದಿನ ಬಾಕ್ಸ್ ಇಂಥವಕ್ಕೆ. ನಿಮ್ಮ ಫೋನು, ಪರ್ಸು ಗಾಡಿಯ ಭಾಗವೇ ಅಲ್ಲ. ಝೀರೋ ಡೆಪ್ ಅನ್ನುವುದು ಗಾಡಿಯ ಬಿಡಿಭಾಗದ ಸವಕಳಿ ಕಳೆಯದೆ ಕೊಡುವುದಕ್ಕೆ. ಸ್ವಂತ ವಸ್ತುಗಳಿಗೂ ಅದಕ್ಕೂ ಸಂಬಂಧ ಇಲ್ಲ.

ಸ್ವಂತ ವಸ್ತುಗಳಿಗೆ ಅಂತಲೇ ಬೇರೆ ಆಡ್-ಆನ್ ಇದೆ. ಕಾರಿಗೆ ಸುಮಾರು ಎಲ್ಲ ಕಡೆ ಸಿಗುತ್ತದೆ, ಸ್ಕೂಟರು ಬೈಕಿಗೆ ಕೆಲವೇ ಕಂಪನಿಗಳಲ್ಲಿ. ಓನ್ ಡ್ಯಾಮೇಜ್ ಇದ್ದವರಿಗೆ ಮಾತ್ರ ಕೊಡುತ್ತಾರೆ, ಬರೀ ಥರ್ಡ್ ಪಾರ್ಟಿ ಮೇಲೆ ಇದನ್ನು ಹಾಕಿಸಲು ಬರುವುದಿಲ್ಲ. ತಗೊಳ್ಳುವ ಮೊದಲು ಅದರಲ್ಲಿ ಬಿಟ್ಟಿರುವ ಪಟ್ಟಿ ಓದಿ. ನಗದು, ಒಡವೆ, ಚೆಕ್ಕು, ಕಾಗದಪತ್ರ ಸಾಮಾನ್ಯವಾಗಿ ಹೊರಗೆ. ವ್ಯಾಪಾರದ ಸರಕು, ಸ್ಯಾಂಪಲ್ ಕೂಡ ಹೊರಗೆ. ಫೋನು, ಲ್ಯಾಪ್‌ಟಾಪ್ ಒಂದು ಕಂಪನಿಯಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ.

ನಾನು ಸರ್ವೆಗೆ ಹೋದಾಗ ಮೊದಲು ನೋಡುವುದು ಬೀಗ ಒಡೆದ ಗುರುತು. ಸೀಟಿನ ಲಾಕ್ ಬಾಗಿದೆಯಾ, ಅಂಚಿನಲ್ಲಿ ಗೀರು ಇದೆಯಾ? ಇಲ್ಲದಿದ್ದರೆ "ಬೀಗ ಹಾಕಿರಲಿಲ್ಲ" ಅಂತ ಬರೆಯಲೇಬೇಕಾಗುತ್ತದೆ. ಅದಕ್ಕೇ ಗಾಡಿ ರಿಪೇರಿಗೆ ಬಿಡುವ ಮೊದಲು ಫೋಟೋ ತೆಗೆದುಕೊಳ್ಳಿ. ಕನ್ನಡಿಗೆ ನೇತುಹಾಕಿದ ಹೆಲ್ಮೆಟ್‌ಗೆ ಅಂತೂ ಯಾವ ಬೀಗವೂ ಇಲ್ಲವಲ್ಲ. ಪಾಲಿಸಿಯಲ್ಲೇ ಇಲ್ಲದ್ದಕ್ಕೆ ಗ್ರಾಹಕರ ಕೋರ್ಟಿಗೆ ಹೋದರೆ ಖರ್ಚು ದಂಡ, ಅಷ್ಟೇ.

ಬಿಳಿ ಹೆಲ್ಮೆಟ್

ಫುಲ್ ಅಂತ ಹೆಸರಿಟ್ಟು ಅರ್ಧ ಕೊಡ್ತಾರೆ. ಆಯ್ತು ಬಿಡಿ, ಫೋನಿಗೆ ಬೇರೆ ವಿಮೆ ಇದೆಯಾ ನೋಡ್ತೀನಿ.

ಶಿವು ಹಾಸನ

ಸದಾನಂದ ಸರ್, ಲ್ಯಾಪ್‌ಟಾಪ್ ವಿಷಯ ಹೇಳಿ. ಅದು ನನ್ನದಲ್ಲ, ತಂಗಿಯದೂ ಅಲ್ಲ. ಬೇರೆಯವರ ಆಸ್ತಿ. ಥರ್ಡ್ ಪಾರ್ಟಿ ಆಸ್ತಿಗೆ ಕವರ್ ಇದೆ ಅಂತ ಪಾಲಿಸಿಯಲ್ಲೇ ಇದೆಯಲ್ಲ, ಒಂದು ಲಕ್ಷ ಅಂತ.

ಸರ್ವೆ ಸದಾನಂದ

ಇದೆ. ಸ್ಕೂಟರು ಬೈಕಿಗೆ ಒಂದು ಲಕ್ಷದವರೆಗೆ. ನಿಮ್ಮ ಗಾಡಿ ಹೋಗಿ ಯಾರದೋ ಅಂಗಡಿಯ ಗಾಜು ಒಡೆದರೆ ಅದು ಕೆಲಸಕ್ಕೆ ಬರುತ್ತದೆ. ಆದರೆ ಪಾಲಿಸಿದಾರರ ಸ್ವಂತ ಆಸ್ತಿ, ಅವರ ವಶದಲ್ಲಿ ಅಥವಾ ಸುಪರ್ದಿಯಲ್ಲಿ ಇದ್ದ ಆಸ್ತಿ ಇದರಲ್ಲಿ ಸೇರುವುದಿಲ್ಲ.

ನೀವು ಮೊದಲ ಪೋಸ್ಟಿನಲ್ಲಿ ಬ್ಯಾಗ್ ಮುಂದಿನ ಕೊಕ್ಕೆಗೆ ನೇತುಹಾಕಿದ್ದು ಅಂದಿರಿ. ಅಲ್ಲೇ ತೊಡಕು. ಓಡಿಸುವವರ ಕಾಲ ಹತ್ತಿರ ಇದ್ದ ಬ್ಯಾಗು ಓಡಿಸುವವರ ವಶದಲ್ಲಿತ್ತು ಅಂತ ಕಂಪನಿ ಹೇಳುತ್ತದೆ. ಹಿಂದೆ ಕೂತವರ ಬೆನ್ನ ಮೇಲೇ ಇದ್ದಿದ್ದರೆ ಈ ಮಾತು ಅಷ್ಟು ಸುಲಭವಲ್ಲ. ಆಗಲೂ ಅವರನ್ನೇ ಥರ್ಡ್ ಪಾರ್ಟಿ ಅಂತ ಒಪ್ಪದ ಪಾಲಿಸಿ ಅವರ ಬ್ಯಾಗನ್ನು ಹೇಗೆ ಒಪ್ಪೀತು?

ಬೇರೆ ಗಾಡಿ ಬಂದು ಗುದ್ದಿದ್ದರೆ ಆ ಗಾಡಿಯ ಪಾಲಿಸಿಯಿಂದ ಲ್ಯಾಪ್‌ಟಾಪ್ ಹಣ ಕೇಳಬಹುದು. ಅದಕ್ಕೆ ಪಂಚನಾಮೆಯಲ್ಲಿ ಲ್ಯಾಪ್‌ಟಾಪ್ ಅಂತ ಬರೆದಿರಬೇಕು. ಜನ ಗಾಯದ ಗಡಿಬಿಡಿಯಲ್ಲಿ ಅದನ್ನು ಹೇಳುವುದೇ ಇಲ್ಲ. ಆಮೇಲೆ ಬಿಲ್ಲು ಹಿಡಿದುಕೊಂಡು ಬಂದರೆ "ಸ್ಥಳದಲ್ಲಿ ಲ್ಯಾಪ್‌ಟಾಪ್ ಇತ್ತು ಅನ್ನುವುದಕ್ಕೆ ಏನು ಗುರುತು" ಅಂತ ಕೇಳುತ್ತಾರೆ.

ಅಂದಹಾಗೆ ಅದು ಅವರ ಸ್ವಂತದ್ದಾ, ಕಂಪನಿ ಕೊಟ್ಟಿದ್ದಾ? ಕಂಪನಿಯದಾದರೆ ಅವರ ಆಫೀಸಿನವರೇ ವಿಮೆ ಮಾಡಿಸಿರುವ ಸಾಧ್ಯತೆ ಇದೆ. ಅದನ್ನು ಮೊದಲು ಕೇಳಿಸಿ.

ಶಿವು ಹಾಸನ

ಕಂಪನಿಯದು ಸರ್. ತಂಗಿ ಕೈಲಿ ಕೇಳಿಸ್ತೀನಿ. ತಂಗಿಯ ಮಣಿಕಟ್ಟಿನ ಖರ್ಚು 48 ಸಾವಿರ. 15 ಲಕ್ಷದ ಪಿಎ ಇನ್ನೂ ಚಾಲ್ತಿಯಲ್ಲಿ ಇದ್ದಿದ್ದರೆ ಅವಳಿಗಾದರೂ ಬರುತ್ತಿತ್ತಾ?

ಏಜೆಂಟ್ ಮಂಜಣ್ಣ

ಇಲ್ಲ ಶಿವಣ್ಣ, ಎರಡು ಕಾರಣಕ್ಕೆ. ಆ ಪಿಎ ಗಾಡಿಯ ಹಿಂದೆ ಹೋಗಲ್ಲ, ಮಾಲೀಕರ ಹಿಂದೆ ಹೋಗುತ್ತೆ. ಆರ್‌ಸಿ, ಪಾಲಿಸಿ ಎರಡರಲ್ಲೂ ನಿಮ್ಮ ಹೆಸರಿದೆ, ಲೈಸೆನ್ಸ್ ಇದೆ, ಆದ್ದರಿಂದ ಅದು ನಿಮಗೆ. ತಂಗಿ ಓಡಿಸಿದರೆ ತಂಗಿಗಲ್ಲ. ಇನ್ನೊಂದು, ಅದಕ್ಕೂ ಅದೇ ಪಟ್ಟಿ. ಸಾವು, ಅಂಗ, ಕಣ್ಣು. ಮಣಿಕಟ್ಟಿನ ಮುರಿತ ಅಲ್ಲಿ ಇಲ್ಲ.

2018ಕ್ಕೆ ಮೊದಲು ಈ ಪಿಎ ಸ್ಕೂಟರ್ ಬೈಕಿಗೆ ಒಂದೇ ಲಕ್ಷ ಇತ್ತು. ಆ ವರ್ಷ 15 ಲಕ್ಷ ಮಾಡಿದರು. ಮೊತ್ತ ದೊಡ್ಡದಾಯ್ತು, ಪಟ್ಟಿ ಉದ್ದ ಆಗಲಿಲ್ಲ. ಮನೆಯಲ್ಲಿ ಗಾಡಿ ಒಬ್ಬರ ಹೆಸರಲ್ಲಿ, ಓಡಿಸೋದು ಇನ್ನೊಬ್ಬರು ಅಂದರೆ ಓಡಿಸುವವರಿಗೆ ಬೇರೆಯದೇ ಅಪಘಾತ ವಿಮೆ ಮಾಡಿಸಿ ಅಂತ ನಾನು ಹೇಳ್ತೀನಿ. ಕಮಿಷನ್ ಆಸೆಗೆ ಹೇಳ್ತಾನೆ ಅಂದುಕೊಳ್ತಾರೆ.

ತುಂಗಾ ತೀರ

ತಂಗಿಯವರ ಸ್ಥಿತಿ ಹಿಂದೆ ಕೂತವರಿಗಿಂತ ಇಕ್ಕಟ್ಟಿನದು. ಗಾಡಿಯನ್ನು ಮಾಲೀಕರಿಂದ ಪಡೆದು ಓಡಿಸಿದವರು ಮಾಲೀಕರ ಜಾಗದಲ್ಲೇ ನಿಲ್ಲುತ್ತಾರೆ ಅಂತ ಕೋರ್ಟ್ ನೋಡುತ್ತದೆ. ಇದು ಗಟ್ಟಿಯಾದದ್ದು ನಮ್ಮ ಕರ್ನಾಟಕದ ಕೇಸಿನಿಂದಲೇ. ಒಬ್ಬರು ಬೇರೆಯವರ ಬೈಕ್ ಪಡೆದು ಇಳಕಲ್‌ನಿಂದ ತಮ್ಮ ಊರಿಗೆ ಹೊರಟಿದ್ದರು. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಮುಂದೆ ಹೋಗುತ್ತಿದ್ದ ಎತ್ತಿನಗಾಡಿ ತಟ್ಟನೆ ನಿಂತಿತು, ಬೈಕ್ ಅದಕ್ಕೆ ಬಡಿಯಿತು, ಅವರು ತೀರಿಕೊಂಡರು. ಮನೆಯವರು ಆ ಬೈಕಿನ ವಿಮೆಯಿಂದ, ಯಾರ ತಪ್ಪು ಅಂತ ತೋರಿಸಬೇಕಿಲ್ಲದ ಆಗಿನ 163-ಎ ಸೆಕ್ಷನ್ ಅಡಿ ಕೇಳಿದರು. 2009ರಲ್ಲಿ ಸುಪ್ರೀಂ ಕೋರ್ಟ್, ಮಾಲೀಕರ ಜಾಗದಲ್ಲಿ ನಿಂತವರಿಗೆ ಅದರಲ್ಲಿ ಸಿಗುವುದಿಲ್ಲ ಅಂದಿತು.

ಹಿಂದೆ ಕೂತವರಿಗೆ ಪ್ಯಾಕೇಜ್ ಪಾಲಿಸಿ ನೆರವಾಗುತ್ತದೆ. ತಾನೇ ಓಡಿಸಿ ತಾನೇ ಬಿದ್ದ ತಂಗಿಯವರಿಗೆ ಅದೂ ಆಗುವುದಿಲ್ಲ. ಅವರ ಹೆಲ್ತ್ ಇನ್ಶೂರೆನ್ಸ್ ಒಂದೇ.

ಪೀಣ್ಯ ಪವನ

ಮೇಡಂ, ನಾನು ಸಂಜೆ ಹೊತ್ತು ಬೈಕಿನಲ್ಲಿ ಜನರನ್ನು ಬಿಟ್ಟು ಸ್ವಲ್ಪ ದುಡ್ಡು ಮಾಡ್ತೀನಿ. ಬಿಳಿ ಬೋರ್ಡು. ಫುಲ್ ಇನ್ಶೂರೆನ್ಸ್ ಇದೆ. ನನ್ನ ಹಿಂದೆ ಕೂತವರಿಗೆ ಏನಾದರೂ ಆದರೆ?

ತುಂಗಾ ತೀರ

ಬಾಡಿಗೆಗೆ ಕೂರಿಸಿಕೊಂಡಿರಬಾರದು ಅನ್ನುವ ಷರತ್ತು ಅಲ್ಲೇ ಇದೆ. ನೀವು ಹಣ ಪಡೆದಿದ್ದು ಫೋನಿನಲ್ಲೇ ದಾಖಲಾಗಿರುತ್ತದೆ. ಕಂಪನಿ ಅದನ್ನು ತೋರಿಸಿ ಹೊರಗೆ ಬರಲು ನೋಡುತ್ತದೆ. ಸವಾರಿ ಕೊಡಿಸುವ ಆಪ್‌ನವರು ಪ್ರಯಾಣಿಕರಿಗೆ ಬೇರೆ ವಿಮೆ ಮಾಡಿಸಿದ್ದಾರಾ, ಅದರಲ್ಲಿ ಆಸ್ಪತ್ರೆ ಖರ್ಚು ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಸಂಜೆ ಆಫೀಸಿನವರು ಪೆಟ್ರೋಲ್ ಖರ್ಚು ಹಂಚಿಕೊಂಡರೆ ಅದು ಬಾಡಿಗೆಯಾ ಅಂತ ಕೇಳುವವರಿದ್ದಾರೆ. ಅದು ಬೇರೆ. ಆದರೂ "ದಿನಕ್ಕೆ 40 ರೂಪಾಯಿ ಕೊಡುತ್ತಿದ್ದೆ" ಅಂತ ಸಾಕ್ಷಿ ಹೇಳಿದರೆ ಎದುರು ವಕೀಲರು ಬಿಡುವುದಿಲ್ಲ.

ಆರ್‌ಎಕ್ಸ್ ರಮೇಶ

ಹಾಗಾದರೆ ತ್ರಿಬಲ್ಸ್ ಹೋದರೆ ಯಾರಿಗೂ ಏನೂ ಇಲ್ಲ ಬಿಡಿ.

ತುಂಗಾ ತೀರ

ಅದೂ ಪೂರ್ತಿ ಸರಿಯಲ್ಲ. ಬೈಕಿನಲ್ಲಿ ಮೂರನೆಯವರಾಗಿ ಕೂತಿದ್ದರು ಅನ್ನುವ ಒಂದೇ ಕಾರಣಕ್ಕೆ ಅವರದ್ದೂ ತಪ್ಪು ಅಂತ ಪರಿಹಾರ ಕಡಿಮೆ ಮಾಡುವ ಹಾಗಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಹಿಂದಿನಿಂದ ಕಾರು ಬಂದು ಗುದ್ದಿದ ಕೇಸು. ನಿಮ್ಮದೇ ಬೈಕಿನ ಪಾಲಿಸಿಯಿಂದ ಮೂರನೆಯವರಿಗೆ ಕೇಳುವಾಗ, ಆರ್‌ಸಿಯಲ್ಲಿ ಇರುವುದು ಎರಡೇ ಸೀಟು ಅನ್ನುವ ಮಾತು ಬರುತ್ತದೆ.

ಶಿವು ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಸುದ್ದಿ ಏನಂದರೆ, ಅವರಿಗೆ ಆಫೀಸಿನ ಗ್ರೂಪ್ ಹೆಲ್ತ್ ಇದೆ. 2.40ರಲ್ಲಿ 1.96 ಲಕ್ಷ ಅದರಿಂದ ಹೋಗಿದೆ. ಉಳಿದ 44 ಸಾವಿರ ನಾವು ಕೊಡೋಣ ಅಂತ ಮನೆಯಲ್ಲಿ ಮಾತಾಡಿದೆವು. ಲ್ಯಾಪ್‌ಟಾಪಿಗೆ ಅವರ ಆಫೀಸಿನ ವಿಮೆ ಇದೆಯಂತೆ, ಒಂದು ಪತ್ರ ಬರೆದುಕೊಡಿ ಅಂದಿದ್ದಾರೆ. ಕೇಸ್ ಹಾಕುವ ಮಾತು ಅವರು ಆಡಿಲ್ಲ, ನಾನೂ ಕೇಳಿಲ್ಲ.

ತುಂಗಾ ತೀರ

ಕೊಡುವುದಿದ್ದರೆ ಬ್ಯಾಂಕಿನ ಮೂಲಕ ಕೊಡಿ, ಯಾತಕ್ಕೆ ಕೊಟ್ಟಿದ್ದು ಅಂತ ಎರಡು ಸಾಲು ಬರೆಸಿಕೊಳ್ಳಿ. ಹಾಗೆ ಬರೆಸಿಕೊಂಡರೆ ಮುಂದೆ ಕೇಸೇ ಹಾಕುವ ಹಾಗಿಲ್ಲ ಅಂತ ಆಗುವುದಿಲ್ಲ, ಆದರೆ ಕೊಟ್ಟ ಹಣ ಲೆಕ್ಕಕ್ಕೆ ಬರುತ್ತದೆ. ಆಫೀಸಿನ ವಿಮೆ ಕಟ್ಟಿದ ಆಸ್ಪತ್ರೆ ಬಿಲ್ಲನ್ನು ಪರಿಹಾರದಲ್ಲಿ ಕಳೆಯಬೇಕಾ ಬೇಡವಾ ಅನ್ನುವುದರ ಮೇಲೆ ಹೈಕೋರ್ಟುಗಳ ಅಭಿಪ್ರಾಯ ಒಂದೇ ಇಲ್ಲ.

ಶಿವು ಹಾಸನ

ಸರಿ ಮೇಡಂ. ಇನ್ನು ಮುಂದಕ್ಕೆ ಏನು ಮಾಡಲಿ? ಥರ್ಡ್ ಪಾರ್ಟಿ 2027ರವರೆಗೆ ಇದೆ. ಈಗ ಬೇರೆ ಕಂಪನಿಯಲ್ಲಿ ಬರೀ ಓನ್ ಡ್ಯಾಮೇಜ್ ತಗೊಂಡರೆ ಎರಡೂ ಸೇರಿ ಫುಲ್ ಆಗುತ್ತಲ್ವಾ? ಆಗ ಹಿಂದೆ ಕೂತವರಿಗೂ ಸಿಗುತ್ತದಾ?

ಏಜೆಂಟ್ ಮಂಜಣ್ಣ

ಆಗುತ್ತೆ. ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಇಟ್ಟ ಬೆಲೆ, 45 ಸಾವಿರ ಅಂದುಕೊಂಡರೆ ಹಳೆ ಟ್ಯಾರಿಫ್ ದರದಲ್ಲಿ ಓನ್ ಡ್ಯಾಮೇಜ್ 750 ರೂಪಾಯಿ ಹತ್ತಿರ ಬರುತ್ತೆ, ಈಗ ಡಿಸ್ಕೌಂಟ್ ಕಳೆದು ಇನ್ನೂ ಕಡಿಮೆ, ಮೇಲೆ ಜಿಎಸ್‌ಟಿ. ಮಧ್ಯೆ ಬಿಟ್ಟುಹೋಗಿರೋದರಿಂದ ಗಾಡಿ ನೋಡಿ ಫೋಟೋ ತೆಗೆದು ಆಮೇಲೆ ಕೊಡ್ತಾರೆ.

ಸರ್ವೆ ಸದಾನಂದ

ಮಂಜಣ್ಣ, ಗಾಡಿಗೆ ಫುಲ್ ಆಗುತ್ತದೆ, ಸರಿ. ಹಿಂದೆ ಕೂತವರಿಗೂ ಆಗುತ್ತೆ ಅಂತ ಹೇಗೆ ಹೇಳುತ್ತೀರಿ? ಬರೀ ಓನ್ ಡ್ಯಾಮೇಜ್ ಪಾಲಿಸಿಯಲ್ಲಿ ಎರಡನೇ ಸೆಕ್ಷನ್ನೇ ಇರುವುದಿಲ್ಲ. ಹೊಣೆಯೆಲ್ಲ ಹಳೆಯ ಥರ್ಡ್ ಪಾರ್ಟಿ ಕಾಗದದಲ್ಲಿ. ಅಲ್ಲಿ "ಕಾಯಿದೆಗೆ ಬೇಕಾದಷ್ಟು" ಅಂತ ಬರೆದಿದ್ದರೆ, ಪಕ್ಕದಲ್ಲಿ ಇನ್ನೊಂದು ಕಂಪನಿಯ ಪಾಲಿಸಿ ಇಟ್ಟ ಮಾತ್ರಕ್ಕೆ ಆ ಪದಗಳು ಬದಲಾಗುತ್ತವಾ?

ಏಜೆಂಟ್ ಮಂಜಣ್ಣ

ಆದರೆ ಶಿವಣ್ಣನ ಐದು ವರ್ಷದ ಪಾಲಿಸಿ ಮಾರಿದ್ದೇ ಪ್ಯಾಕೇಜ್ ಅಂತ ಸರ್, ಬಂಡಲ್ ಮಾಡಿ. ಓನ್ ಡ್ಯಾಮೇಜ್ ಮುಗಿದರೂ ಎರಡನೇ ಸೆಕ್ಷನ್ ಐದು ವರ್ಷ ನಡೀಬೇಕಲ್ಲ. ಅದರಲ್ಲಿ "ಕೂತವರೂ ಸೇರಿ" ಅಂತ ಇದ್ದರೆ ಈ ಅಪಘಾತಕ್ಕೇ ಹಣ ಕೇಳಬಹುದು!

ತುಂಗಾ ತೀರ

ಮಂಜಣ್ಣ, ಒಳ್ಳೆಯ ಕಡೆ ಕೈ ಹಾಕಿದಿರಿ. ಇದೇ ವಾದ ಮಾಡಬೇಕು. ಕಂಪನಿಯವರು "ಓನ್ ಡ್ಯಾಮೇಜ್ ಮುಗಿದ ದಿನವೇ ಅದು ಆಕ್ಟ್ ಪಾಲಿಸಿ ಆಯ್ತು" ಅನ್ನುತ್ತಾರೆ. ಪಾಲಿಸಿಯ ಪದ ಹಾಗೆ ಹೇಳದಿದ್ದರೆ ಅವರಿಗೂ ಸುಲಭವಲ್ಲ.

ಶಿವು, ನಿಮ್ಮ ಹತ್ತಿರ ಇರುವುದು ಬಹುಶಃ ಎರಡು ಪುಟದ ಶೆಡ್ಯೂಲ್ ಮಾತ್ರ. ಪೂರ್ತಿ ಪಾಲಿಸಿ ವರ್ಡಿಂಗ್ ಬೇಕು ಅಂತ ಪಾಲಿಸಿ ನಂಬರ್ ಹಾಕಿ ಕಂಪನಿಗೆ ಮೇಲ್ ಮಾಡಿ. ಫೋನಿನಲ್ಲಿ ಕೇಳಬೇಡಿ. ಬಂದ ಮೇಲೆ ಎರಡನೇ ಸೆಕ್ಷನ್‌ನ ಮೊದಲ ಪ್ಯಾರಾ ಇಲ್ಲಿ ಹಾಕಿ. ಪಾಲಿಸಿ ನಂಬರ್, ಹೆಸರು ಅಳಿಸಿ ಹಾಕಿ.

ಶಿವು ಹಾಸನ

ಮೇಲ್ ಮಾಡಿದ್ದೇನೆ. ಉತ್ತರ ಬಂದಿದೆ, ಆದರೆ ವರ್ಡಿಂಗ್ ಕಳಿಸಿಲ್ಲ. "ತಮ್ಮ ಪಾಲಿಸಿಯಲ್ಲಿ ಪಿಲಿಯನ್ ಪಿಎ ಅವಧಿ ಮುಗಿದಿದೆ" ಅಂತ ಒಂದೇ ಸಾಲು.

ಸರ್ವೆ ಸದಾನಂದ

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಅದಕ್ಕೇ ಮತ್ತೆ ಉತ್ತರಿಸಿ, "ಪಿಎ ಬಗ್ಗೆ ಕೇಳಿಲ್ಲ, ಎರಡನೇ ಸೆಕ್ಷನ್‌ನ ಪ್ರತಿ ಬೇಕು" ಅಂತ. ಕುಂದುಕೊರತೆ ವಿಭಾಗದ ವಿಳಾಸವನ್ನೂ ಸೇರಿಸಿ ಕಳಿಸಿ.

ಏಜೆಂಟ್ ಮಂಜಣ್ಣ

ಅದು ಬರುವವರೆಗೆ ಪಿಲಿಯನ್ ಪಿಎ ಆದರೂ ಹಾಕಿಸಿಕೊಳ್ಳಿ ಶಿವಣ್ಣ. ಆನ್‌ಲೈನಿನಲ್ಲಿ ಆ ಆಯ್ಕೆ ಕಾಣದೇ ಇರಬಹುದು, ಬ್ರಾಂಚಿನಲ್ಲಿ ಕೇಳಿ. ಆಸ್ಪತ್ರೆ ಖರ್ಚಿಗೆ ಅದು ಬರಲ್ಲ ಅನ್ನೋದು ಈಗ ನಿಮಗೆ ಗೊತ್ತಲ್ಲ.